ನಾಲ್ಕೂವರೆ ಲಕ್ಷದ ಪುಸ್ತಕ, 369 ಜನ

(ಸಣ್ಣ ಪ್ರಕಾಶಕರು ಮತ್ತು ಕಲಾವಿದರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಕ್ರೌಡ್‌ಫಂಡಿಂಗ್ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಇಡೀ ವಿಷಯ ಬೇಡ. ಒಂದೇ ಒಂದು ಪ್ರಸ್ತಾವನೆ ಇಟ್ಟುಕೊಂಡು, ಅದರ ಲೆಕ್ಕ ಬಿಚ್ಚಿ ನೋಡೋಣ.

ಜನರಿಂದ ದುಡ್ಡು ಎತ್ತಿ ಕಲೆ ಮಾಡುವುದು ನಮಗೇನೂ ಹೊಸದಲ್ಲ. 1976ರಲ್ಲಿ ಶ್ಯಾಮ್ ಬೆನೆಗಲ್ ಅವರ 'ಮಂಥನ್' ಸಿನಿಮಾಕ್ಕೆ ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಹಾಕಿದರು. ಕನ್ನಡದಲ್ಲಿ ಎಲ್ಲರ ಬಾಯಲ್ಲಿ ಬರುವುದು 'ಲೂಸಿಯಾ'. 2012ರಲ್ಲಿ ಪವನ್ ಕುಮಾರ್ ಜನರಿಂದಲೇ ಸುಮಾರು 50 ಲಕ್ಷ ಎತ್ತಿದರು, ಮರುವರ್ಷ ಸಿನಿಮಾ ಬಂತು. ಈ ಎರಡನ್ನೂ ನೋಡಿ ನಾವು ತಪ್ಪು ಪಾಠ ಕಲಿಯುತ್ತೇವೆ: ಒಳ್ಳೆ ಐಡಿಯಾ ಇದ್ದರೆ ಗುರುತು ಪರಿಚಯ ಇಲ್ಲದವರು ದುಡ್ಡು ಕೊಡುತ್ತಾರೆ ಅಂತ. ಆದರೆ 'ಮಂಥನ್' ಹಿಂದೆ ಆಗಲೇ ಕಟ್ಟಿ ನಿಂತ ಸಹಕಾರ ಸಂಘಗಳಿದ್ದವು. ಹಾಲು ಹಾಕುವ ಕಡೆಯೇ ದುಡ್ಡಿನ ಲೆಕ್ಕವೂ ಆಗುತ್ತಿತ್ತು. ಪವನ್ ಅವರಿಗೆ ಒಂದು ಸಿನಿಮಾ ಮಾಡಿದ ಹೆಸರಿತ್ತು, ಬ್ಲಾಗ್ ಓದುವ ಜನ ಇದ್ದರು. ಕೇಳುವ ಮೊದಲೇ ಕೇಳಿಸಿಕೊಳ್ಳುವವರು ಇದ್ದರು ಅನ್ನೋದನ್ನ ನಾವು ಮರೆತುಬಿಡುತ್ತೇವೆ.

ಈಗ ನಮ್ಮ ಪ್ರಸ್ತಾವನೆ. ಪರಿಚಯದ ಗಂಡ ಹೆಂಡತಿ. ಆಕೆ ಚಿತ್ರ ಬರೆಯುತ್ತಾರೆ, ಆತ ಮಕ್ಕಳಿಗಾಗಿ ಬರೆಯುತ್ತಾರೆ. ತೊಗಲುಗೊಂಬೆ ಬಗ್ಗೆ ಮಕ್ಕಳಿಗೆ ಒಂದು ಬಣ್ಣದ ಪುಸ್ತಕ ಮಾಡಬೇಕು ಅಂತ ಆಸೆ. ಕೊಪ್ಪಳ, ಬಳ್ಳಾರಿ ಕಡೆ ಕಿಳ್ಳೇಕ್ಯಾತರ ಮನೆಗಳಲ್ಲಿ ಈ ಆಟ ತಲೆಮಾರುಗಳಿಂದ ನಡೆದು ಬಂದಿದೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದ ಮೇಲೆ ಸಿಟಿಯವರಿಗೂ ಅದರ ಹೆಸರು ಗೊತ್ತಾಗಿದೆ. ಅಂದರೆ ವಿಷಯಕ್ಕೆ ಕೇಳುಗರಿದ್ದಾರೆ. ಅಲ್ಲಿಯವರೆಗೆ ಸರಿ.

ಅವರು ತಂದ ಕರಡಿನಲ್ಲಿ ಗುರಿ 10 ಲಕ್ಷ ಅಂತ ಇತ್ತು. ಯಾಕೆ ಹತ್ತು ಅಂದರೆ, "ರೌಂಡ್ ಫಿಗರ್ ಅಲ್ವಾ ಸರ್" ಅಂದರು. ಸಾವಿರ ಪ್ರತಿ ಪುಸ್ತಕ, ಒಂದು ಸಣ್ಣ ಸಾಕ್ಷ್ಯಚಿತ್ರ, ಟೀ ಶರ್ಟು, ಮಗ್ಗು, ಕೀ ಚೈನು. ದುಡ್ಡು ಕೊಟ್ಟವರಿಗೆ ಕೊಡಲು ಒಂದು ಅಂಗಡಿಗೆ ಆಗುವಷ್ಟು ಸಾಮಾನು. ಆದರೆ ಗೊಂಬೆ ಆಡಿಸುವ ತಂಡಕ್ಕೆ ಎಷ್ಟು ಅನ್ನುವ ಜಾಗ ಖಾಲಿ. ನಾನು ಮೊದಲು ಅದನ್ನೇ ಕೇಳಿದೆ. ಅವರ ಮನೆಯ ಗೊಂಬೆಗಳ ಫೋಟೊ, ಅವರ ಕುಸುರಿ, ಅವರು ಹೇಳುವ ಕತೆ, ಇವೆಲ್ಲ ಸೇರಿಯೇ ಪುಸ್ತಕ ಆಗುವುದು. ಸಂಭಾವನೆ ಖರ್ಚಿನ ಪಟ್ಟಿಯ ಮೇಲ್ಗಡೆ ಇರಬೇಕು. ಫೋಟೊ ಬಳಸಲು ಬರಹದಲ್ಲಿ ಒಪ್ಪಿಗೆಯೂ ಬೇಕು. "ಆಮೇಲೆ ನೋಡೋಣ" ಅಂದ ದುಡ್ಡು ಯಾವತ್ತೂ ಉಳಿಯುವುದಿಲ್ಲ, ನಿಮಗೂ ಗೊತ್ತು.

ಆಮೇಲೆ ಕತ್ತರಿ ಹಾಕಿದೆವು. ಸಾಕ್ಷ್ಯಚಿತ್ರ ಬೇರೆಯದೇ ಕೆಲಸ, ಅದು ಹೋಯಿತು. ಟೀ ಶರ್ಟಿಗೆ ಐದು ಸೈಜು ಬೇಕು, ಒಂದೊಂದು ಸೈಜೂ ಒಂದಷ್ಟು ಉಳಿದು ಮನೆ ತುಂಬುತ್ತದೆ, ಅದೂ ಹೋಯಿತು. ಮಗ್ಗು ದಾರಿಯಲ್ಲೇ ಒಡೆಯುತ್ತದೆ. ಪುಸ್ತಕದ ಮೇಲಿನ ಪ್ರೀತಿಗೆ ದುಡ್ಡು ಹಾಕುವವರಿಗೆ ಪುಸ್ತಕವೇ ಬೇಕಾಗಿರುತ್ತದೆ, ಮಗ್ಗಲ್ಲ.

ಪುಟಗಳ ಲೆಕ್ಕ ಸ್ವಲ್ಪ ನಿಧಾನವಾಗಿ ನೋಡೋಣ, ಹೊಸಬರು ಸಾಮಾನ್ಯವಾಗಿ ಎಡವುವುದು ಇಲ್ಲೇ. ಕರಡಿನಲ್ಲಿ 70 ಪುಟ ಇತ್ತು. ಆಫ್‌ಸೆಟ್ ಪ್ರೆಸ್ಸಿನಲ್ಲಿ ಪುಟ ಒಂದೊಂದಾಗಿ ಅಚ್ಚಾಗುವುದಿಲ್ಲ. ದೊಡ್ಡ ಹಾಳೆಯ ಎರಡೂ ಬದಿಗೆ ಅಚ್ಚು ಹಾಕಿ ಮಡಚುತ್ತಾರೆ, ಆ ಮಡಿಕೆಯೇ ಒಂದು ಫಾರ್ಮು. ಈ ಪುಸ್ತಕಕ್ಕೆ 16 ಪುಟದ ಫಾರ್ಮು. 64 ಅಂದರೆ ಸರಿಯಾಗಿ ನಾಲ್ಕು ಫಾರ್ಮು. 70 ಅಂದರೆ ಆರು ಪುಟಕ್ಕೋಸ್ಕರ ಮತ್ತೊಂದು ಸಲ ಪ್ಲೇಟು, ಮತ್ತೊಂದು ಸಲ ಮಷೀನು ಹೊಂದಿಸುವ ಖರ್ಚು. ಲೇಖಕರು ಒಂದೆರಡು ದಿನ ಗೊಣಗಿದರು. ಆಮೇಲೆ ಆರು ಪುಟ ತೆಗೆದರು, ಪುಸ್ತಕ ಚೆನ್ನಾಗೇ ಆಯಿತು.

ಪ್ರತಿಗಳ ಲೆಕ್ಕವೂ ಇದೇ ಥರ. ಪ್ಲೇಟಿನ ಖರ್ಚು 500 ಪ್ರತಿಗೂ ಅಷ್ಟೇ, 1000 ಪ್ರತಿಗೂ ಅಷ್ಟೇ. ಹಾಗಾಗಿ 500 ಹಾಕಿಸಿದರೆ ಒಂದಕ್ಕೆ 300 ರೂಪಾಯಿ ಬೀಳುವ ಗಟ್ಟಿ ರಟ್ಟಿನ ಪುಸ್ತಕ, 1000 ಹಾಕಿಸಿದರೆ 210ಕ್ಕೆ ಇಳಿಯುತ್ತದೆ. ಈ 90 ರೂಪಾಯಿ ಆಸೆಗೆ ಬೀಳುವವರೇ ಜಾಸ್ತಿ. ಒಟ್ಟು ಬಿಲ್ಲು ನೋಡಿ: 500ಕ್ಕೆ ಒಂದೂವರೆ ಲಕ್ಷ, 1000ಕ್ಕೆ ಎರಡು ಲಕ್ಷ ಹತ್ತು ಸಾವಿರ. ಬೇಡಿಕೆ 400 ಇದ್ದಾಗ, ಅಗ್ಗ ಅಂತ ಕೊಂಡ ಮಿಕ್ಕ 600 ಪ್ರತಿ ಮಂಚದ ಕೆಳಗೆ ಸೇರುತ್ತವೆ. ನಾವು 500ಕ್ಕೇ ನಿಂತೆವು.

ಈಗ ಖರ್ಚಿನ ಪಟ್ಟಿ. ಈ ದರಗಳು ಈ ಒಂದು ಪುಸ್ತಕದ್ದು. ನಿಮ್ಮದಕ್ಕೆ ನೀವೇ ಮೂರು ಪ್ರೆಸ್ಸಿನಲ್ಲಿ ಕೊಟೇಶನ್ ತೆಗೆದುಕೊಳ್ಳಬೇಕು. ಅಚ್ಚಿಗೆ 1,50,000. ಗೊಂಬೆ ತಂಡದ ಸಂಭಾವನೆ 50,000. ಓಡಾಟ, ಫೋಟೊ 25,000. ಪುಟವಿನ್ಯಾಸ, ಪ್ರೂಫ್ ನೋಡುವುದು 35,000. ಇಬ್ಬರೂ ತಮಗೆ ಏನೂ ಬೇಡ ಅಂದಿದ್ದರು. ನಾನು ಒಪ್ಪಲಿಲ್ಲ, 30,000 ಬರೆಸಿದೆ. ತಿಂಗಳುಗಟ್ಟಲೆ ಪುಕ್ಕಟೆ ಕೆಲಸ ಮಾಡಿದವರು ಕೊನೆಗೆ ಪಾರ್ಸೆಲ್ ಕಟ್ಟುವಾಗ ಕೈ ಬಿಡುತ್ತಾರೆ. ಇದು ನೋಡಿ ಹೇಳುತ್ತಿರುವ ಮಾತು. ಒಟ್ಟು 2,90,000.

ಇಲ್ಲಿಗೆ ಲೆಕ್ಕ ಮುಗಿಯಿತು ಅಂದುಕೊಂಡು ಮೂರು ಲಕ್ಷದ ಗುರಿ ಇಡುವವರಿದ್ದಾರೆ. ಮುಗಿದಿಲ್ಲ. ದುಡ್ಡು ಹಾಕಿದವರ ಮನೆಬಾಗಿಲಿಗೆ ಏನೇನು ಹೋಗಬೇಕು, ಅದರ ಖರ್ಚು ಇನ್ನೂ ಬಂದಿಲ್ಲ. ಅದಕ್ಕೆ ರಿವಾರ್ಡುಗಳನ್ನು ಮೊದಲು ಗಟ್ಟಿ ಮಾಡಿಕೊಳ್ಳಬೇಕು.

ಆರು ಹಂತ ಮಾಡಿದೆವು. 200 ರೂಪಾಯಿ ಕೊಟ್ಟವರ ಹೆಸರು ಪುಸ್ತಕದ ಕೊನೆಯ ಪುಟದಲ್ಲಿ, ಜೊತೆಗೆ ಮೊಬೈಲಿಗೆ ಹಾಕಿಕೊಳ್ಳಲು ಒಂದು ಚಿತ್ರ. 700ಕ್ಕೆ ಪುಸ್ತಕ. 1,200ಕ್ಕೆ ಇಬ್ಬರೂ ಸಹಿ ಹಾಕಿದ ಪುಸ್ತಕ ಮತ್ತು ಪೋಸ್ಟ್‌ಕಾರ್ಡ್‌ಗಳ ಸೆಟ್ಟು. 2,500ಕ್ಕೆ ಪುಸ್ತಕದ ಜೊತೆ ಗೋಡೆಗೆ ಹಾಕುವ ದೊಡ್ಡ ಪ್ರಿಂಟು. 6,000ಕ್ಕೆ ಪುಸ್ತಕ ಮತ್ತು ಕಲಾವಿದರೇ ಮಾಡಿದ ಒಂದು ಸಣ್ಣ ತೊಗಲುಗೊಂಬೆ. 10,000ಕ್ಕೆ ನೀವು ಹೇಳಿದ ಸರ್ಕಾರಿ ಶಾಲೆಗೆ ನಿಮ್ಮ ಹೆಸರಲ್ಲಿ ಹತ್ತು ಪ್ರತಿ.

ಕಾಗದದ ಮೇಲೆ ಎಲ್ಲವೂ ಚೆನ್ನಾಗಿ ಕಾಣುತ್ತದೆ. ಪ್ರತಿ ಹಂತದಲ್ಲೂ ಖರ್ಚು ಕಳೆದು ನಿಜವಾಗಿ ಕೈಗೆ ಎಷ್ಟು ಬರುತ್ತದೆ ಅಂತ ಬರೆದು ನೋಡಿ, ಆಗ ಬೇರೆಯೇ ಚಿತ್ರ ಸಿಗುತ್ತದೆ. 700 ತಗೊಳ್ಳಿ. ಅಭಿಯಾನ ನಡೆಯುವ ಕ್ರೌಡ್‌ಫಂಡಿಂಗ್ ವೆಬ್‌ಸೈಟಿನ ಕಮಿಷನ್, ದುಡ್ಡು ಕಟ್ಟಿಸಿಕೊಳ್ಳುವ ಗೇಟ್‌ವೇ ಚಾರ್ಜು, ಅವುಗಳ ಮೇಲಿನ ಜಿಎಸ್‌ಟಿ, ಎಲ್ಲ ಸೇರಿ ನೂರಕ್ಕೆ ಹತ್ತು ಅಂತ ಹಿಡಿದರೆ 70 ಹೋಯಿತು. ಪುಸ್ತಕ 300. ಬಬಲ್ ಶೀಟು, ರಟ್ಟಿನ ಡಬ್ಬ, ಅಂಚೆ ಖರ್ಚು ಸೇರಿ 100. ಉಳಿದಿದ್ದು 230. ಈಗ 200 ರೂಪಾಯಿಯ ಹಂತ ನೋಡಿ. 20 ಕಮಿಷನ್, ಕಳಿಸುವುದು ಏನೂ ಇಲ್ಲ. ಉಳಿದಿದ್ದು 180! 700 ಕೊಟ್ಟವರಿಂದ ಕೆಲಸಕ್ಕೆ ಸಿಗುವುದು 200 ಕೊಟ್ಟವರಿಗಿಂತ ಬರೀ 50 ರೂಪಾಯಿ ಹೆಚ್ಚು. ಹಾಗಂತ 700ರ ಹಂತ ತೆಗೆಯಲು ಆಗುವುದಿಲ್ಲ, ಜನ ಬರುವುದೇ ಪುಸ್ತಕಕ್ಕೆ. ಆದರೆ ಯಾರಾದರೂ "ಆರಂಭದ ಆಫರ್ ಅಂತ 450ಕ್ಕೆ ಕೊಡಿ" ಅಂದರೆ ಯಾಕೆ ಬೇಡ ಅನ್ನೋದು ಈಗ ಅರ್ಥವಾಯಿತಲ್ಲ? 45 ಕಮಿಷನ್, 400 ಪುಸ್ತಕ ಮತ್ತು ಅಂಚೆ, ಉಳಿಯುವುದು ಐದು ರೂಪಾಯಿ. ಅಂಥ ಇನ್ನೂರು ಜನ ಬಂದರೆ ವೆಬ್‌ಸೈಟಿನ ಪುಟದ ಮೇಲಿನ ಮೀಟರು 90,000 ತೋರಿಸುತ್ತದೆ, ನಿಮ್ಮ ಕೈಯಲ್ಲಿ ಉಳಿಯುವುದು ಒಂದು ಸಾವಿರ.

ದುಡಿಯುವುದು ನಡುವಿನ ಹಂತಗಳು. 1,200ರಲ್ಲಿ ಕಮಿಷನ್ 120, ಪುಸ್ತಕ 300, ಅಂಚೆ 100, ಪೋಸ್ಟ್‌ಕಾರ್ಡ್ ಸೆಟ್ಟಿಗೆ 60. ಉಳಿಯುವುದು 620. ಅಂದರೆ 60 ರೂಪಾಯಿಯ ಕಾರ್ಡು ಮತ್ತು ಎರಡು ಸಹಿಗೆ ಉಳಿತಾಯ ಹೆಚ್ಚುಕಡಿಮೆ ಮೂರು ಪಟ್ಟು. 700ರವರನ್ನು 1,200ಕ್ಕೆ ಹತ್ತಿಸುವಂಥ ಕಾರ್ಡು ಮಾಡುವುದಕ್ಕೇ ನಾನಾದರೆ ಹೆಚ್ಚು ತಲೆ ಖರ್ಚು ಮಾಡುತ್ತೇನೆ. ಆಟದಲ್ಲಿ ಬರುವ ಕಿಳ್ಳೇಕ್ಯಾತ, ಬಂಗಾರಕ್ಕ ಅನ್ನುವ ನಗಿಸುವ ಜೋಡಿಯನ್ನೇ ಕಾರ್ಡಿಗೆ ಆರಿಸಿದೆವು. ರಾಮ ರಾವಣರ ಚಿತ್ರ ಎಲ್ಲ ಕಡೆ ಸಿಗುತ್ತದೆ, ಇವರದ್ದು ಸಿಗುವುದಿಲ್ಲ.

ಗೊಂಬೆಯ ಹಂತಕ್ಕೆ ಮಿತಿ ಹಾಕಲೇಬೇಕು, ಇದನ್ನು ಒತ್ತಿ ಹೇಳುತ್ತೇನೆ. ಆಡಿನ ಚರ್ಮ ನೆನೆಹಾಕಬೇಕು, ಕೂದಲು ಹೆರೆದು ತೆಗೆಯಬೇಕು, ಬೆಳಕು ಹಾಯುವಷ್ಟು ತೆಳ್ಳಗಾಗುವವರೆಗೆ ಹದ ಮಾಡಿ ಬಿಗಿಯಾಗಿ ಎಳೆದು ಒಣಗಿಸಬೇಕು. ಆಮೇಲೆ ಚಿತ್ರ, ಉಳಿಯಿಂದ ತೂತು, ಬಣ್ಣ. ತೂತು ತಪ್ಪಿದರೆ ಅಳಿಸಲು ಬರುವುದಿಲ್ಲ. ಮಳೆಗಾಲದಲ್ಲಿ ಚರ್ಮ ಒಣಗುವುದೇ ಕಷ್ಟ, ತೇವ ಹಿಡಿದರೆ ಮುರುಟುತ್ತದೆ. ಇಂಥದ್ದನ್ನು "ಎಷ್ಟು ಬೇಕಾದರೂ" ಅಂತ ಮಾರಾಟಕ್ಕಿಟ್ಟರೆ, ನಲವತ್ತು ಜನ ಆರ್ಡರ್ ಹಾಕಿದ ದಿನ ಖುಷಿ, ಆಮೇಲೆ ವರ್ಷವಿಡೀ ಬೈಗುಳ. ಎಷ್ಟು ಆಗುತ್ತದೆ, ಒಂದಕ್ಕೆ ಎಷ್ಟು ಬೇಕು ಅಂತ ಕಲಾವಿದರನ್ನೇ ಕೇಳಿದೆವು. ಒಂದಕ್ಕೆ 2,500, ಒಟ್ಟು 12 ಅಂದರು. ಹನ್ನೆರಡು ಮುಗಿದ ತಕ್ಷಣ ಆ ಹಂತ ಬಂದ್.

ಇನ್ನು ಯಾವ ಹಂತಕ್ಕೆ ಎಷ್ಟು ಜನ? ಅಂದಾಜು ಹೀಗೆ ಹಾಕಿದೆವು: 200ಕ್ಕೆ 50 ಜನ, 700ಕ್ಕೆ 200, 1,200ಕ್ಕೆ 70, 2,500ಕ್ಕೆ 30, ಗೊಂಬೆಗೆ 12, ಶಾಲೆಗೆ 7. ಒಟ್ಟು 369 ಜನ, 4,51,000 ರೂಪಾಯಿ. ಹೊರಡಬೇಕಾದ ಪಾರ್ಸೆಲ್ 319, ಪುಸ್ತಕ 382. ಉಳಿದ 118 ಪ್ರತಿಗಳಲ್ಲಿ ಗೊಂಬೆ ತಂಡಕ್ಕೆ ಒಂದಷ್ಟು, ಮಿಕ್ಕಿದ್ದು ಪುಸ್ತಕದ ಅಂಗಡಿಗೆ.

ಪಾರ್ಸೆಲ್ಲಿಗೆ ಸುಮಾರು 32,000. ಕಾರ್ಡು, ಪ್ರಿಂಟು, ಪ್ರಿಂಟು ಸುತ್ತಿಡುವ ಕೊಳವೆ, ಗೊಂಬೆ, ಶಾಲೆಯ ಭಾರದ ಪೆಟ್ಟಿಗೆಗೆ ಬೀಳುವ ಹೆಚ್ಚಿನ ಅಂಚೆ, ಇವೆಲ್ಲ ಸೇರಿ 49,000. ಹಿಂದಿನ 2,90,000ಕ್ಕೆ ಈ 81,000 ಸೇರಿಸಿದರೆ 3,71,000. ಕಾಗದದ ದರ ಏರಿತು, ಹತ್ತು ಪಾರ್ಸೆಲ್ ವಾಪಸ್ ಬಂತು ಅನ್ನುವುದಕ್ಕೆಲ್ಲ 34,000 ಇಟ್ಟೆವು. ಈಗ 4,05,000. ಇದು ಕೈಗೆ ಸಿಗಬೇಕಾದ ದುಡ್ಡು, ಗುರಿ ಅಲ್ಲ. ಗುರಿ ಕಂಡುಹಿಡಿಯಲು ಇದಕ್ಕೆ ನೂರಕ್ಕೆ ಹತ್ತು ಕೂಡಿಸಬೇಡಿ, ಯಾಕಂದರೆ ಕಮಿಷನ್ ಹಿಡಿಯುವುದು ದೊಡ್ಡ ಮೊತ್ತದ ಮೇಲೆ. 0.9ರಿಂದ ಭಾಗಿಸಿ. 4,50,000 ಬರುತ್ತದೆ. ಮೇಲಿನಿಂದ ಹಾಕಿದ ಜನರ ಲೆಕ್ಕ, ಕೆಳಗಿನಿಂದ ಹಾಕಿದ ಖರ್ಚಿನ ಲೆಕ್ಕ ಎರಡೂ ಒಂದೇ ಕಡೆ ಬಂದು ನಿಂತವು. ಮೊದಲ ಸಲಕ್ಕೇ ಹೀಗೆ ನಿಲ್ಲಲಿಲ್ಲ ಅಂತ ಬೇರೆ ಹೇಳಬೇಕಿಲ್ಲ. ಹಂತದ ಬೆಲೆ ಹೆಚ್ಚುಕಮ್ಮಿ ಮಾಡಿ ಮಾಡಿ ತಂದು ನಿಲ್ಲಿಸಿದ್ದು.

ಆದರೆ ಈ 369 ಜನ ಯಾರು? ಈ ಪ್ರಶ್ನೆಗೆ "ಫೇಸ್‌ಬುಕ್‌ನಲ್ಲಿ ಹಾಕ್ತೀವಿ" ಅನ್ನೋದು ಉತ್ತರ ಅಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಹೆಸರು ಬರೆಯಿರಿ ಅಂದೆ. ಫೋನ್ ಮಾಡಿದರೆ ಎತ್ತುವವರು, ಮೆಸೇಜಿಗೆ ಉತ್ತರ ಕೊಡುವವರು ಮಾತ್ರ. ಇಬ್ಬರದ್ದೂ ಸೇರಿ 600 ಹೆಸರಾಯಿತು. ಹೆಸರು ಹಿಡಿದು ಕೇಳಿದ ನಾಲ್ಕು ಜನರಲ್ಲಿ ಒಬ್ಬರು ಹಾಕುತ್ತಾರೆ ಅಂತ ನಾನು ಲೆಕ್ಕ ಇಟ್ಟುಕೊಳ್ಳುತ್ತೇನೆ. 150 ಆಯಿತು. ಆಕೆಯ ಚಿತ್ರ ನೋಡುವವರು, ಓದುಗರ ಗುಂಪುಗಳು ಎಲ್ಲ ಸೇರಿ ಒಂದು ಎಂಟು ಸಾವಿರ. ಗುಂಪಿಗೆ ಎಸೆದ ಮೆಸೇಜಿಗೆ ನೂರರಲ್ಲಿ ಒಬ್ಬರು ಸಿಕ್ಕರೆ ಸಾಕು, 80. ಒಟ್ಟು 230, ಅಂದರೆ ಬೇಕಾದವರಲ್ಲಿ ಐದರಲ್ಲಿ ಮೂರು ಪಾಲು. ಉಳಿದ ಎರಡು ಪಾಲು ಇವರ ಮೂಲಕ ಬರುವ ಸ್ನೇಹಿತರ ಸ್ನೇಹಿತರು. ಇದು ನನ್ನ ಕನಿಷ್ಠ ಗೆರೆ. ಗೊತ್ತಿರುವವರಿಂದ ಐದರಲ್ಲಿ ಮೂರು ಪಾಲು ಬರದಿದ್ದರೆ ಗುರಿ ಇಳಿಸಬೇಕು, ಇಲ್ಲವೇ ಆರು ತಿಂಗಳು ತಡೆದು ಓದುಗರನ್ನು ಗಳಿಸಿಕೊಳ್ಳಬೇಕು. 10 ಲಕ್ಷದ ಗುರಿಗೆ ಇದೇ ಲೆಕ್ಕ ಹಾಕಿದರೆ ಎಂಟುನೂರಕ್ಕೂ ಹೆಚ್ಚು ಜನ ಬೇಕಿತ್ತು. ಗೊತ್ತಿದ್ದವರು ಅದೇ 230.

ಪ್ರಸ್ತಾವನೆಯ ಬರಹಕ್ಕೆ ಬರುತ್ತೇನೆ. ಕರಡು ಶುರುವಾಗಿದ್ದು ಹೀಗೆ: "ನಮ್ಮ ನಾಡಿನ ಶ್ರೀಮಂತ ಪರಂಪರೆ ಇಂದು ಅಳಿವಿನ ಅಂಚಿನಲ್ಲಿದೆ." ಇದನ್ನು ಓದಿ ಯಾರೂ ಪರ್ಸ್ ತೆಗೆಯುವುದಿಲ್ಲ, ಯಾಕಂದರೆ ಏನು ಸಿಗುತ್ತದೆ ಅಂತಲೇ ಗೊತ್ತಾಗುವುದಿಲ್ಲ. ಬದಲಾಯಿಸಿದ ಮೇಲೆ ಹೀಗಾಯಿತು: "ಆಡಿನ ಚರ್ಮ ಒಂದು ಗೊಂಬೆಯಾಗಿ ಪರದೆ ಮೇಲೆ ಕುಣಿಯುವವರೆಗೆ ಏನೇನು ನಡೆಯುತ್ತದೆ ಅಂತ ತೋರಿಸುವ, 64 ಪುಟಗಳ ಬಣ್ಣದ ಪುಸ್ತಕ. ಎಂಟು ವರ್ಷದ ಮೇಲಿನ ಮಕ್ಕಳಿಗೆ. 32 ಚಿತ್ರಗಳಲ್ಲಿ 20 ಮುಗಿದಿವೆ, ನಾಲ್ಕನ್ನು ಕೆಳಗೆ ನೋಡಿ. ನಿಮ್ಮ ದುಡ್ಡು ಅಚ್ಚಿಗೆ, ಗೊಂಬೆ ಕಲಾವಿದರ ಸಂಭಾವನೆಗೆ ಮತ್ತು ಉಳಿದ ಚಿತ್ರಗಳಿಗೆ ಹೋಗುತ್ತದೆ." ಎಷ್ಟು ಮುಗಿದಿದೆ ಅನ್ನುವ ಸಾಲಿಗೆ ತುಂಬಾ ತೂಕ ಇದೆ. ಅರ್ಧ ಕೆಲಸ ಕಣ್ಣ ಮುಂದೆ ಇದ್ದರೆ ಜನ ನಂಬುತ್ತಾರೆ. ಏನು ತಪ್ಪಬಹುದು ಅಂತಲೂ ಒಂದು ಪ್ಯಾರಾ ಬರೆಯಿರಿ. ಮಳೆ ಬಂದರೆ ಗೊಂಬೆ ತಡವಾಗುತ್ತದೆ, ಪುಸ್ತಕ ಮೊದಲು ಬರುತ್ತದೆ, ಗೊಂಬೆ ಬೇರೆ ಪಾರ್ಸೆಲ್ಲಿನಲ್ಲಿ ಬರುತ್ತದೆ ಅಂತ ಮೊದಲೇ ಹೇಳಿದರೆ ಯಾರೂ ಜಗಳಕ್ಕೆ ಬರುವುದಿಲ್ಲ.

ಒಂದು ಮಾತು ಮಾತ್ರ ಬರೆಯಲೇಬೇಡಿ: "ಲಾಭದಲ್ಲಿ ಪಾಲು." ಜನರಿಂದ ಬಂಡವಾಳ ಎತ್ತಿ ಪಾಲು ಕೊಡುವ ಕ್ರೌಡ್‌ಫಂಡಿಂಗ್ ಬಗ್ಗೆ ಷೇರುಪೇಟೆ ನೋಡಿಕೊಳ್ಳುವ ಸೆಬಿ 2014ರಲ್ಲಿ ಚರ್ಚೆಗೆ ಒಂದು ಕರಡು ಬಿಟ್ಟಿತ್ತು, ಅದು ನಿಯಮವಾಗಿ ಬರಲಿಲ್ಲ. ನೀವು ಮಾಡುತ್ತಿರುವುದು ಮುಂಗಡ ಮಾರಾಟ. ಅದನ್ನು ಹಾಗೇ ಬರೆಯಿರಿ, ರಸೀದಿಯಲ್ಲೂ ಹಾಗೇ ತೋರಿಸಿ.

ಸಮಯ. ಅಭಿಯಾನಕ್ಕೆ ಮೂವತ್ತು ದಿನ ಸಾಕು. ಮೊದಲ ಮೂರು ದಿನ ಮತ್ತು ಕೊನೆಯ ಮೂರು ದಿನ ದುಡ್ಡು ಓಡಿ ಬರುತ್ತದೆ, ನಡುವೆ ಎರಡು ವಾರ ಸತ್ತಂತೆ ಇರುತ್ತದೆ. ದಿನ ಹೆಚ್ಚಿಸಿದರೆ ಆ ನಡುವಿನ ಭಾಗ ಮಾತ್ರ ಉದ್ದವಾಗುತ್ತದೆ. ನವೆಂಬರ್ 1ಕ್ಕೆ ಶುರು ಮಾಡಿ ಅಂದೆ. ಸಂಬಳ ಬಂದಿರುತ್ತದೆ, ರಾಜ್ಯೋತ್ಸವದ ತಿಂಗಳು ಕನ್ನಡ ಪುಸ್ತಕ ಕೊಳ್ಳುವ ಮನಸ್ಸೂ ಇರುತ್ತದೆ. ಆದರೆ ಅಚ್ಚು ಆ ಡಿಸೆಂಬರಿನಲ್ಲೇ ಆಗುತ್ತದೆ ಅಂದುಕೊಳ್ಳಬೇಡಿ. ವರ್ಷದ ಕೊನೆಗೆ ಪ್ರೆಸ್ಸುಗಳು ಕ್ಯಾಲೆಂಡರು, ಡೈರಿಯಲ್ಲಿ ಮುಳುಗಿರುತ್ತವೆ. ಫೆಬ್ರವರಿಗೆ ಅಚ್ಚು, ಪುಸ್ತಕ ಯಾವಾಗ ತಲುಪುತ್ತದೆ ಅಂತ ಅಭಿಯಾನದ ಪುಟದ ಮೇಲೆ ಬರೆಯುವುದು ಏಪ್ರಿಲ್ ಕೊನೆ. ಇದರಲ್ಲಿ ಇನ್ನೊಂದು ತೊಡಕಿದೆ. ದುಡ್ಡು ಬರುವುದು ಮಾರ್ಚ್ 31ರ ಮೊದಲು, ಪುಸ್ತಕ ತಲುಪುವುದು ನಂತರ. ಬಂದಿದ್ದೆಲ್ಲ ಈ ವರ್ಷದ ಆದಾಯ ಅಂತ ಕಂಡುಬಿಟ್ಟರೆ ಸುಮ್ನೆ ತೆರಿಗೆ ತಲೆನೋವು. ಮುಂಗಡ ಅಂತ ಹೇಗೆ ಬರೆದಿಡಬೇಕು ಅಂತ ಶುರು ಮಾಡುವ ಮೊದಲೇ ಆಡಿಟರ್ ಹತ್ತಿರ ಕೂತು ಕೇಳಿಕೊಳ್ಳಿ.

ಕೊನೆಗೆ ಸಭೆಯಿಂದ ಎರಡು ಪ್ರಶ್ನೆ ಬಂದವು, ಅವನ್ನೂ ಸೇರಿಸುತ್ತೇನೆ.

ಒಬ್ಬ ಮೇಡಂ ಕೇಳಿದರು: "ಅಮೆರಿಕದಲ್ಲಿರೋ ನಮ್ಮವರು ಹಾಕಬಹುದಾ? ಕಿಕ್‌ಸ್ಟಾರ್ಟರ್‌ನಲ್ಲೇ ಮಾಡಿದರೆ ಸುಲಭ ಅಲ್ವಾ?" ಕಿಕ್‌ಸ್ಟಾರ್ಟರ್ ಅನ್ನೋದು ಅಮೆರಿಕದ ಕ್ರೌಡ್‌ಫಂಡಿಂಗ್ ವೆಬ್‌ಸೈಟು, ಭಾರತದಿಂದ ಅದರಲ್ಲಿ ನೇರವಾಗಿ ಅಭಿಯಾನ ಶುರು ಮಾಡಲು ಬರುವುದಿಲ್ಲ. ಇಲ್ಲಿನ ವೆಬ್‌ಸೈಟನ್ನೇ ಹಿಡಿಯಬೇಕು. ಹೊರಗಿನವರ ದುಡ್ಡಿನಲ್ಲಿ ಒಂದು ಎಚ್ಚರಿಕೆ ಇದೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಆದರೆ ಅಲ್ಲಿನ ಪೌರತ್ವ ಪಡೆದವರು, ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯ ಕಾಯ್ದೆಯಾದ ಎಫ್‌ಸಿಆರ್‌ಎ ಲೆಕ್ಕದಲ್ಲಿ ವಿದೇಶಿ ಮೂಲವೇ. ಪುಸ್ತಕಕ್ಕೆ ಬೆಲೆ ಕೊಟ್ಟು ಕೊಳ್ಳುವುದು ಬೇರೆ, ಸುಮ್ಮನೆ ದೇಣಿಗೆ ಕೊಡುವುದು ಬೇರೆ. ಹಾಗಾಗಿ ಅವರ ಮುಂದೆ ದೇಣಿಗೆ ಅನ್ನುವ ಆಯ್ಕೆಯನ್ನೇ ಇಡಬೇಡಿ, ಇದನ್ನೂ ಆಡಿಟರ್‌ಗೆ ತೋರಿಸಿ. ಪಾರ್ಸೆಲ್ ವಿಷಯದಲ್ಲಿ, ಅಷ್ಟು ದೂರ ಕಳಿಸುವ ಖರ್ಚು ಪುಸ್ತಕದ ಬೆಲೆಯನ್ನೇ ದಾಟುತ್ತದೆ. ನಾವು ಒಂದು ದಾರಿ ಮಾಡಿದೆವು: "ಊರಿನ ವಿಳಾಸ ಕೊಡಿ." ಧಾರವಾಡದ ಅಮ್ಮನ ಮನೆಗೋ ಶಿವಮೊಗ್ಗದ ಅಣ್ಣನ ಮನೆಗೋ ಪುಸ್ತಕ ಹೋಗುತ್ತದೆ, ಅವರು ಬಂದಾಗ ತಗೊಂಡು ಹೋಗುತ್ತಾರೆ. ಶಾಲೆಯ ಹಂತಕ್ಕೂ ಇವರೇ ಹೆಚ್ಚು ಬರುತ್ತಾರೆ ಅಂತ ನನ್ನ ಊಹೆ, ತಾವು ಓದಿದ ಶಾಲೆಗೆ ಕಳಿಸುವ ಆಸೆ ಅವರಿಗಿರುತ್ತದೆ.

ಇನ್ನೊಬ್ಬರು: "ಮೂರು ಲಕ್ಷಕ್ಕೇ ನಿಂತರೆ ಏನು ಮಾಡೋದು?" ಕೆಲವು ಕಡೆ ಬಂದಷ್ಟು ಇಟ್ಟುಕೊಳ್ಳಬಹುದು. ಕೆಲವು ಕಡೆ ಗುರಿ ಮುಟ್ಟದಿದ್ದರೆ ಎಲ್ಲರ ದುಡ್ಡೂ ವಾಪಸ್. ಬಂದಷ್ಟು ಇಟ್ಟುಕೊಳ್ಳುವುದು ಸುರಕ್ಷಿತ ಅಂತ ಕಾಣುತ್ತದೆ. ಆದರೆ ಮೂರು ಲಕ್ಷದಲ್ಲಿ ಕಮಿಷನ್ ಹೋಗಿ ಎರಡು ಲಕ್ಷ ಎಪ್ಪತ್ತು ಸಾವಿರ ಸಿಗುತ್ತದೆ. ಅಷ್ಟರಲ್ಲಿ ಪುಸ್ತಕವೂ ಆಗಬೇಕು, ಇನ್ನೂರಕ್ಕೂ ಹೆಚ್ಚು ಜನರಿಗೆ ಪಾರ್ಸೆಲ್ಲೂ ಹೋಗಬೇಕು. ಅಚ್ಚಿನ ಒಂದೂವರೆ ಲಕ್ಷ ಹಾಗೇ ಇರುತ್ತದೆ. ಮೊದಲು ಕೈ ಹಾಕುವುದು ಕಲಾವಿದರ ಸಂಭಾವನೆಗೆ, ಇಲ್ಲವೇ ಮನೆಯ ಉಳಿತಾಯಕ್ಕೆ. ಅದಕ್ಕೆ ಗುರಿ ಮುಟ್ಟದಿದ್ದರೆ ವಾಪಸ್ ಅನ್ನುವ ಕಡೆಯೇ ಮಾಡಿ ಅಂತ ನಾನು ಹೇಳಿದ್ದು. ಇಪ್ಪತ್ತನೇ ದಿನ ಎರಡು ಲಕ್ಷವೂ ದಾಟದಿದ್ದರೆ, ಆ 600 ಹೆಸರಿನ ನೋಟ್‌ಬುಕ್ ತೆಗೆದು ಇನ್ನೂ ಫೋನ್ ಮಾಡದವರಿಗೆ ಫೋನ್ ಮಾಡುವುದೊಂದೇ ಕೆಲಸ. ಆಗಲೂ ಆಗದಿದ್ದರೆ ದುಡ್ಡು ಅವರವರ ಖಾತೆಗೆ ಹೋಗುತ್ತದೆ. ನೀವು ಮುಂದಿನ ವರ್ಷ ಅದೇ ಜನರ ಹತ್ತಿರ, ತೆಳು ರಟ್ಟಿನ, 48 ಪುಟದ ಪುಸ್ತಕ ಹಿಡಿದು ಹೋಗಬಹುದು.